ಪುಟ್ಟಪ್ಪ ಬುತ್ತಬ್ಬ ಆದದ್ದು

ದುಬೈನ ದೇರಾದಲ್ಲಿ ನಮ್ಮದು ಪೈಪು ಮಾರುವ ಸಣ್ಣ ಆಫೀಸು. ವಿಸಿಟಿಂಗ್ ಕಾರ್ಡಿನ ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಅರೇಬಿಕ್. ಹೊಸದಾಗಿ ಸೇರಿದ ಪುತ್ತೂರಿನ ಪುಟ್ಟಪ್ಪನಿಗೆ ಕಾರ್ಡ್ ಮಾಡಿಸುವ ಕೆಲಸ ನನಗೆ ಬಿತ್ತು. ಇಂಗ್ಲಿಷ್ ಬದಿಯ ಫೋಟೋ ಹೊಡೆದು, ಅರೇಬಿಕ್ ಮಾಡಿಸಲು ಟೈಪಿಂಗ್ ಸೆಂಟರಿಗೆ ಕಳಿಸಿದೆ. ಹತ್ತು ನಿಮಿಷದ ಕೆಲಸ, ಅಲ್ವಾ?

ಟೈಪಾಗಿ ಬಂದದ್ದನ್ನು ನಮ್ಮ ಸುಡಾನಿನ ಡ್ರೈವರ್ ಕೈಗೆ ಕೊಟ್ಟೆ. ಅವನು ಗಟ್ಟಿಯಾಗಿ ಓದಿದ: "ಬುತ್ತಬ್ಬ."

ಅರೇಬಿಕ್‌ನಲ್ಲಿ 'ಪ' ಇಲ್ಲ, ನಮ್ಮ 'ಟ'ವೂ ಇಲ್ಲ. ಅದಕ್ಕೆ ಮದ್ದಿಲ್ಲ ಬಿಡಿ. ಮುಂದಿನ ಸಾಲು ಓದಿ ಡ್ರೈವರ್ ಎದ್ದು ನಿಂತು ಪುಟ್ಟಪ್ಪನಿಗೆ ಸಲಾಂ ಹೊಡೆದ. ಸೇಲ್ಸ್ ಎಕ್ಸಿಕ್ಯುಟಿವ್ ಎಂಬುದು 'ಮುದೀರ್ ತನ್ಫೀದಿ' ಆಗಿತ್ತು. 'ತನ್ಫೀದಿ' ಅಂದರೆ ಎಕ್ಸಿಕ್ಯುಟಿವ್ ಹೌದು, ಆದರೆ ಕಂಪನಿ ನಡೆಸುವವರ ಹುದ್ದೆಗೆ ಸೇರುವ ಮಾತು. 'ಮುದೀರ್' ಸೇರಿದರೆ ಮ್ಯಾನೇಜರ್ರೇ ಆದ. ಊರೂರು ತಿರುಗಿ ಆರ್ಡರ್ ತರುವವನಿಗೆ ಇಲ್ಲಿ 'ಮಂದೂಬ್ ಮಬೀಆತ್' ಎನ್ನುತ್ತಾರೆ, ಮಾರಾಟದ ಪ್ರತಿನಿಧಿ. ತಿದ್ದಿಸಿದೆ. "ಅಣ್ಣಾ, ಇಷ್ಟು ಬೇಗ ಡಿಮೋಶನ್ನಾ?" ಅಂದ ಪುಟ್ಟಪ್ಪ.

ವಿಳಾಸದಲ್ಲಿ ತೊಂದರೆ ಆಗಲಿಲ್ಲ. ಇಲ್ಲಿ ಟಪಾಲು ಪಿ.ಒ. ಬಾಕ್ಸಿಗೆ ಬರುತ್ತದೆ, ಅದು 'ಸಂದೂಕ್ ಬರೀದ್', ಕಾರ್ಡಿನಲ್ಲಿ ಎರಡೇ ಅಕ್ಷರ. ನಮ್ಮಜ್ಜಿಯ ಸಂದೂಕವೂ ಇದೇ ಮಾತು.

ಎಲ್ಲ ಸರಿಯಾಯಿತು ಅಂತ ಡಿಸೈನರ್ ಹುಡುಗನಿಗೆ ಕಳಿಸಿ, 500 ಕಾರ್ಡ್ ಪ್ರಿಂಟ್ ಮಾಡಿಸಿದೆ. ಆಮೇಲೆ ನಾವು ಯಾರೂ ಅದನ್ನು ನೋಡಲಿಲ್ಲ. ಡ್ರೈವರ್ ನೋಡಿದ. "ಇದೇನು, ಪ್ಲಸ್ ಬಾಲಕ್ಕೆ ಬಂದಿದೆ?"

+971 4 123 4567 ಎಂಬ ಥರದ ನಂಬರು ಅರೇಬಿಕ್ ಬದಿಯಲ್ಲಿ ಹೀಗೆ ಕೂತಿತ್ತು:

```
4567 123 4 971+
```

ಅರೇಬಿಕ್ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಅವರೂ ನಮ್ಮ ಹಾಗೇ ಎಡದಿಂದ ಬಲಕ್ಕೆ ಬರೆಯುತ್ತಾರೆ. ಆದರೆ ನಡುವೆ ಜಾಗ ಬಿಟ್ಟರೆ ಪ್ರತಿ ತುಂಡನ್ನೂ ಕಂಪ್ಯೂಟರ್ ಬೇರೆ ಬೇರೆ ಎಂದುಕೊಂಡು ಬಲದಿಂದ ಜೋಡಿಸುತ್ತದೆ. ತುಂಡಿನೊಳಗೆ ಅಂಕಿ ಸರಿ, ತುಂಡುಗಳ ಸರದಿ ತಿರುಗುಮುರುಗು. ನಂಬರಿನ ಮುಂದೆ, ಎಡದಿಂದ ಬಲಕ್ಕೆ ಎಂದು ಕಂಪ್ಯೂಟರಿಗೆ ಹೇಳುವ, ಕಣ್ಣಿಗೆ ಕಾಣದ U+200E ಗುರುತು ಹಾಕಿದ್ದರೆ ಇಡೀ ಸಾಲು ಸುಮ್ನೆ ನೆಟ್ಟಗೆ ನಿಲ್ಲುತ್ತಿತ್ತು. ಡಿಸೈನರಿಗೆ ಅದನ್ನು ಹೇಳಿಕೊಟ್ಟವರು ಇಲ್ಲ. ನನಗೂ ಗೊತ್ತಿರಲಿಲ್ಲ.

ಮತ್ತೆ 500 ಹೊಡೆಸಿದೆವು. ಹಳೆಯದನ್ನು ಪುಟ್ಟಪ್ಪ ರಜೆಗೆ ಹೋಗುವಾಗ ಊರಿಗೆ ಒಯ್ದ, ನೆಂಟರಿಗೆ ತೋರಿಸಲು. ಪಕ್ಕದ ಮನೆಯ ಬ್ಯಾರಿ ಹುಡುಗಿ ಮದ್ರಸಾಕ್ಕೆ ಹೋಗುತ್ತಾಳೆ. ಕಾರ್ಡ್ ತಿರುಗಿಸಿ ಅಕ್ಷರ ಕೂಡಿಸಿ ಓದಿದಳಂತೆ. ಈಗ ಇಡೀ ಬೀದಿ ಅವನನ್ನು ಬುತ್ತಬ್ಬ ಎಂದೇ ಕರೆಯುತ್ತದೆ.