ಶೀರ್ಷಿಕೆಗಳನ್ನಷ್ಟೇ ಓದಿದರೂ ವಾದ ಸಿಗಬೇಕು

"ವಿಶ್ಲೇಷಣೆ" ಎಂಬ ಶೀರ್ಷಿಕೆ ಹೊತ್ತ ಸ್ಲೈಡ್ ಕಂಡರೆ ನನಗೆ ರೇಗುತ್ತದೆ. ಯಾವುದರ ವಿಶ್ಲೇಷಣೆ ಎಂದು ಕೇಳಿದರೆ ಮುಂದಿನ ಸಲ ಶೀರ್ಷಿಕೆ ಉದ್ದವಾಗಿ ಬರುತ್ತದೆ, ಅಷ್ಟೇ: "ಕರೆಗಳ ವಿಶ್ಲೇಷಣೆ: ಪ್ರಮಾಣ, ಕಾಯುವ ಸಮಯ, ಕಡಿತಗೊಂಡ ಕರೆಗಳು – ವಾರ್ಷಿಕ ಹೋಲಿಕೆ, ಮುಂದುವರಿದ ಭಾಗ". ಇಷ್ಟುದ್ದ ಬರೆದ ಮೇಲೂ ಆ ಕರೆಗಳಿಗೆ ಏನಾಗಿದೆ ಎಂಬ ಸುದ್ದಿ ಮಾತ್ರ ಅದರಲ್ಲಿಲ್ಲ.

ಒಂದು ನಿರ್ಧಾರ ಕೇಳಲೆಂದು ಮಾಡುವ ಪ್ರೆಸೆಂಟೇಶನ್‌ನಲ್ಲಿ ಪ್ರತಿ ಸ್ಲೈಡಿನ ಶೀರ್ಷಿಕೆಯೂ ಒಂದು ಪೂರ್ಣ ವಾಕ್ಯವಾಗಿರಬೇಕು ಎಂಬುದು ನನ್ನ ಪಟ್ಟು. ಯಾರಾದರೂ "ಇದು ಸರಿಯಲ್ಲ" ಎಂದು ತಕರಾರು ತೆಗೆಯಬಹುದಾದಂಥ ವಾಕ್ಯ. ಮೊದಲ ಸ್ಲೈಡಿನಿಂದ ಕೊನೆಯದರವರೆಗೆ ಶೀರ್ಷಿಕೆಗಳನ್ನಷ್ಟೇ ಓದಿಕೊಂಡು ಹೋದರೆ ವಾದ ಪೂರ್ತಿ ಸಿಗಬೇಕು. ಇದು ನನ್ನ ಸ್ವಂತ ಆವಿಷ್ಕಾರವೇನಲ್ಲ. ಸಲಹಾ ಸಂಸ್ಥೆಗಳಲ್ಲಿ ಇಂಥ ಶೀರ್ಷಿಕೆಯನ್ನು ಆಕ್ಷನ್ ಟೈಟಲ್ ಎಂದು ಕರೆಯುತ್ತಾರೆ. ಎಂಜಿನಿಯರುಗಳಿಗೂ ವಿಜ್ಞಾನಿಗಳಿಗೂ ಬರವಣಿಗೆ ಕಲಿಸುವ ಅಮೆರಿಕದ ಮೈಕಲ್ ಆಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಬೋಧಿಸುತ್ತಾ ಬಂದಿದ್ದಾರೆ: ಮೇಲೆ ಎರಡು ಸಾಲು ಮೀರದ ಪೂರ್ಣ ವಾಕ್ಯ, ಕೆಳಗೆ ಅಂಶಗಳ ಪಟ್ಟಿಯ ಬದಲು ಆ ವಾಕ್ಯಕ್ಕೆ ಪುರಾವೆಯಾಗುವ ಚಿತ್ರ ಅಥವಾ ಗ್ರಾಫ್.

ಆದರೆ ಬಹಳ ಮಂದಿ ಇದನ್ನು ಕೊನೆಗೆ ಮಾಡುವ ಅಲಂಕಾರ ಎಂದುಕೊಂಡಿದ್ದಾರೆ. ಸ್ಲೈಡುಗಳೆಲ್ಲ ಸಿದ್ಧವಾದ ಮೇಲೆ, ಸಮಯ ಉಳಿದರೆ, ಶೀರ್ಷಿಕೆಗಳನ್ನು ಚಂದ ಮಾಡುವುದು. ನನ್ನ ತಕರಾರು ಇರುವುದೇ ಇಲ್ಲಿ. ಶೀರ್ಷಿಕೆಯನ್ನು ವಾಕ್ಯವಾಗಿ ಬರೆಯಲು ಕುಳಿತಾಗಲೇ ನಮ್ಮ ವಾದದಲ್ಲಿ ಎಲ್ಲಿ ತೂತು ಬಿದ್ದಿದೆ ಎಂಬುದು ಗೊತ್ತಾಗುವುದು.

ಸಹೋದ್ಯೋಗಿಯೊಬ್ಬರು ಪರಿಶೀಲನೆಗೆಂದು ಕಳಿಸಿದ ಒಂದು ಪ್ರೆಸೆಂಟೇಶನ್ ತೆಗೆದುಕೊಳ್ಳೋಣ. ಅಂಕಿಗಳನ್ನು ಬದಲಿಸಿದ್ದೇನೆ, ವಾದದ ಆಕಾರ ಹಾಗೆಯೇ ಇದೆ. ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ನಡೆಯುವ ಗ್ರಾಹಕ ಸಹಾಯವಾಣಿಯೊಂದರಲ್ಲಿ ಕರೆ ಮಾಡಿದವರು ಕಾಯಬೇಕಾದ ಸಮಯ ಹೆಚ್ಚಾಗಿದೆ. ಹತ್ತು ಮಂದಿಯನ್ನು ಹೊಸದಾಗಿ ನೇಮಿಸಿಕೊಳ್ಳಲು ಅನುಮತಿ ಬೇಕು. ಸ್ಲೈಡುಗಳ ಶೀರ್ಷಿಕೆಗಳು ಕ್ರಮವಾಗಿ ಹೀಗಿದ್ದವು: ಹಿನ್ನೆಲೆ, ಕರೆಗಳ ವಿಶ್ಲೇಷಣೆ (ಮೇಲೆ ಹೇಳಿದ ಆ ಉದ್ದನೆಯದು), ಕರೆಗಳ ಕಾರಣಗಳು, ಸಮಯವಾರು ವಿವರ, ಸಿಬ್ಬಂದಿ ಹಂಚಿಕೆ, ಶಿಫಾರಸು. ನೋಡಲು ಅಚ್ಚುಕಟ್ಟು. ಇಂಥ ಹೆಸರುಗಳ ಗುಣವೇ ಅದು: ಕೆಳಗೆ ಏನಿದ್ದರೂ ನಡೆಯುತ್ತದೆ. "ಸಿಬ್ಬಂದಿ ಹಂಚಿಕೆ" ಎಂಬುದು ಸಿಬ್ಬಂದಿ ಕಡಿಮೆಯಾದರೂ ಸರಿ, ಹೆಚ್ಚಾದರೂ ಸರಿ.

ನಾವಿಬ್ಬರೂ ಕುಳಿತು ಪ್ರತಿ ಸ್ಲೈಡಿಗೂ ಒಂದೇ ಪ್ರಶ್ನೆ ಕೇಳುತ್ತಾ ಹೋದೆವು. "ಈ ಸ್ಲೈಡ್ ತೆಗೆದುಹಾಕಿದರೆ ಸಭೆಯಲ್ಲಿರುವವರಿಗೆ ಯಾವ ಸಂಗತಿ ಗೊತ್ತಾಗದೆ ಹೋಗುತ್ತದೆ?" ಬಾಯಲ್ಲಿ ಬಂದ ಉತ್ತರವನ್ನೇ ಬರೆದುಕೊಂಡೆವು. ಬಾಯಲ್ಲಿ ಹೇಳುವಾಗ ಯಾರೂ "ಸಮಯವಾರು ವಿವರ" ಎನ್ನುವುದಿಲ್ಲ. "ಅಯ್ಯೋ, ತೊಂದರೆ ಇರುವುದೆಲ್ಲ ಬೆಳಿಗ್ಗೆಯೇ ಸರ್" ಎನ್ನುತ್ತಾರೆ. ಅದೇ ಶೀರ್ಷಿಕೆಯ ಮೊದಲ ಕರಡು. ಅಂಕಿ ಸೇರಿಸಿ ತಿದ್ದಿದಾಗ ಸಾಲುಗಳು ಹೀಗೆ ನಿಂತವು:

1. ಸಹಾಯವಾಣಿಯಲ್ಲಿ ಸರಾಸರಿ ಕಾಯುವ ಸಮಯ ಒಂದು ವರ್ಷದಲ್ಲಿ 2 ನಿಮಿಷದಿಂದ 3 ನಿಮಿಷಕ್ಕೆ ಏರಿದೆ.
2. ಕರೆಗಳ ಸಂಖ್ಯೆಯೂ ಕಾರಣಗಳೂ ಹೆಚ್ಚುಕಡಿಮೆ ಹಿಂದಿನ ವರ್ಷದಂತೆಯೇ ಇವೆ.
3. ಕಾಯುವ ಸಮಯ ಏರಿರುವುದು ಬೆಳಿಗ್ಗೆ 9ರಿಂದ 11ರವರೆಗೆ ಮಾತ್ರ: ಆಗ 6 ನಿಮಿಷ, ಉಳಿದ ಹೊತ್ತು ಸುಮಾರು 2 ನಿಮಿಷ.
4. ಪಾಳಿ ಬದಲಾದ ಮೇಲೆ ಆ ಎರಡು ಗಂಟೆಗಳಲ್ಲಿ 24 ಮಂದಿಯ ಬದಲು 16 ಮಂದಿ ಕರೆ ಸ್ವೀಕರಿಸುತ್ತಿದ್ದಾರೆ.
5. ಹೊಸದಾಗಿ 10 ಮಂದಿಯನ್ನು ನೇಮಿಸಿಕೊಳ್ಳಬೇಕು.

ಆರು ಸ್ಲೈಡುಗಳು ಐದಾದವು, ಏಕೆಂದರೆ ಕರೆಗಳ ಸಂಖ್ಯೆ ಮತ್ತು ಕಾರಣಗಳ ಸ್ಲೈಡುಗಳು ಮಾಡುತ್ತಿದ್ದ ಕೆಲಸ ಒಂದೇ: "ಕರೆಗಳು ಹೆಚ್ಚಾಗಿರಬಹುದಲ್ಲ, ಕಷ್ಟದ ಕರೆಗಳು ಬರುತ್ತಿರಬಹುದಲ್ಲ" ಎಂಬ ಅನುಮಾನವನ್ನು ಮುಚ್ಚುವುದು. ಹಳೆಯ ಶೀರ್ಷಿಕೆಗಳಲ್ಲಿ ಇದು ಕಾಣುತ್ತಿರಲಿಲ್ಲ.

ಈಗ ಸಾಲುಗಳ ನಡುವೆ "ಆದರೆ", "ಏಕೆಂದರೆ", "ಆದ್ದರಿಂದ" ಸೇರಿಸಿ ಗಟ್ಟಿಯಾಗಿ ಓದಿ. ಕಾಯುವ ಸಮಯ ಏರಿದೆ. ಆದರೆ ಕರೆಗಳು ಹೆಚ್ಚಾಗಿಲ್ಲ. ಏರಿರುವುದು ಬೆಳಗಿನ ಎರಡು ಗಂಟೆ ಮಾತ್ರ. ಏಕೆಂದರೆ ಆ ಹೊತ್ತಿನಲ್ಲಿ ಎಂಟು ಮಂದಿ ಕಡಿಮೆಯಾಗಿದ್ದಾರೆ. ಆದ್ದರಿಂದ ಹತ್ತು ಮಂದಿಯನ್ನು ನೇಮಿಸಿ. ಇಲ್ಲಿ ನಾಲಿಗೆ ತಡವರಿಸುತ್ತದೆ. ಆ ಎಂಟು ಮಂದಿ ಕೆಲಸ ಬಿಟ್ಟು ಹೋಗಿಲ್ಲ. 9 ಗಂಟೆಯ ಪಾಳಿಯಿಂದ 11 ಗಂಟೆಯ ಪಾಳಿಗೆ ಹೋಗಿದ್ದಾರೆ, ಅಷ್ಟೇ. ಒಟ್ಟು ನಲವತ್ತು ಜನ ಆಗಲೂ ಇದ್ದರು, ಈಗಲೂ ಇದ್ದಾರೆ. ನಾಲ್ಕನೇ ಸಾಲಿನಿಂದ ಐದನೆಯದು ಹುಟ್ಟುವುದೇ ಇಲ್ಲ. ಹುಟ್ಟುವುದು "ಎಂಟು ಮಂದಿಯನ್ನು 9 ಗಂಟೆಗೆ ಮರಳಿಸಿ" ಎಂಬ ಸಾಲು. "ಸಿಬ್ಬಂದಿ ಹಂಚಿಕೆ", ಅದರ ನಂತರ "ಶಿಫಾರಸು" ಎಂದಿದ್ದಾಗ ಈ ಎರಡು ಸ್ಲೈಡುಗಳ ನಡುವೆ ಜಗಳವಿದೆ ಎಂಬುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಮೂರು ಜನ ನೋಡಿ ಒಪ್ಪಿಗೆ ಕೊಟ್ಟಿದ್ದರೂ.

ಶಿಫಾರಸು ಬದಲಾಯಿಸಿ ಮತ್ತೆ ಓದಿದಾಗ ಇನ್ನೊಂದು ತೂತು ಕಂಡಿತು. ಪಾಳಿಯನ್ನು ಮೊದಲು ಬದಲಿಸಿದ್ದಾದರೂ ಏಕೆ? ಸಂಜೆಯ ಕರೆಗಳಿಗೆ ಜನ ಸಾಲುವುದಿಲ್ಲ ಎಂಬ ಕಾರಣಕ್ಕೆ. ಹಾಗಾದರೆ ಎಂಟು ಮಂದಿಯನ್ನು ಬೆಳಿಗ್ಗೆಗೆ ಎಳೆದುಕೊಂಡರೆ ಸಂಜೆಯ ಗತಿಯೇನು? ಇದಕ್ಕೆ ಉತ್ತರಿಸುವ ಸ್ಲೈಡೇ ಇರಲಿಲ್ಲ. ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ಇದೇ ಆಗಿರುತ್ತಿತ್ತು. ಹಳೆಯ ದಾಖಲೆ ತೆಗೆಸಿ ನೋಡಿದ ಮೇಲೆ ಹೊಸ ಸಾಲೊಂದು ನಾಲ್ಕು ಮತ್ತು ಐದರ ನಡುವೆ ಸೇರಿತು: "ಸಂಜೆ 6ರ ನಂತರ 16 ಮಂದಿಯಷ್ಟೇ ಇದ್ದ ಕಾಲದಲ್ಲೂ ಕಾಯುವ ಸಮಯ ಸುಮಾರು 2 ನಿಮಿಷವೇ ಇತ್ತು." ಶೀರ್ಷಿಕೆಗಳನ್ನು ವಾಕ್ಯ ಮಾಡುವುದರಿಂದ ಸ್ಲೈಡುಗಳು ಕಡಿಮೆಯಾಗುತ್ತವೆ ಎಂದು ಕೆಲವರು ಆಸೆ ಹುಟ್ಟಿಸುತ್ತಾರೆ, ಕೆಲವೊಮ್ಮೆ ಹೀಗೆ ಒಂದು ಹೆಚ್ಚೂ ಆಗುತ್ತದೆ.

ಇದಾದ ಮೇಲೆ ಉಳಿಯುವುದು ಶೀರ್ಷಿಕೆಗೂ ಅದರ ಕೆಳಗಿನ ಗ್ರಾಫಿಗೂ ಇರುವ ಸಂಬಂಧ. ಮೂರನೇ ಸ್ಲೈಡಿನ ಕೆಳಗೆ ತಿಂಗಳುಗಳನ್ನು ಅಡ್ಡಕ್ಕೂ ಗಂಟೆಗಳನ್ನು ಉದ್ದಕ್ಕೂ ಜೋಡಿಸಿದ ಕೋಷ್ಟಕವಿತ್ತು, ನೂರಕ್ಕೂ ಹೆಚ್ಚು ಅಂಕಿ. ಶೀರ್ಷಿಕೆ ಹೇಳುವುದು ಬೆಳಗಿನ ಎರಡು ಗಂಟೆಗೂ ಉಳಿದ ದಿನಕ್ಕೂ ಇರುವ ಅಂತರವನ್ನು. ಹಾಗಿದ್ದಲ್ಲಿ ದಿನದ ಹನ್ನೊಂದು ಗಂಟೆಗಳಿಗೆ ಹನ್ನೊಂದು ಕಂಬಗಳು ಸಾಕು. ಮೊದಲ ಎರಡಕ್ಕೆ ಗಾಢ ಬಣ್ಣ, ಉಳಿದವಕ್ಕೆ ಬೂದು. ಕೋಷ್ಟಕ ಅನುಬಂಧಕ್ಕೆ ಹೋಯಿತು. ಆ ಉದ್ದನೆಯ ಹಳೆಯ ಶೀರ್ಷಿಕೆಯಲ್ಲಿ ತುರುಕಿದ್ದ "ವಾರ್ಷಿಕ ಹೋಲಿಕೆ"ಯಂಥವು ಕಸವಲ್ಲ, ಬೇಕಾದ ಮಾಹಿತಿಯೇ. ಆದರೆ ಅವುಗಳ ಜಾಗ ಗ್ರಾಫಿನ ಮೇಲಿನ ಸಣ್ಣ ಅಕ್ಷರದ ಸಾಲು. ಅವನ್ನು ಅಲ್ಲಿಗೆ ಇಳಿಸಿದರೆ ಶೀರ್ಷಿಕೆಯಲ್ಲಿ ವಾಕ್ಯಕ್ಕೆ ತಾನಾಗಿಯೇ ಜಾಗ ಸಿಗುತ್ತದೆ.

ಪೂರ್ಣ ವಾಕ್ಯ ಬರೆದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದೂ ನಾನು ಹೇಳುವುದಿಲ್ಲ. 2003ರ ಜನವರಿಯಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರುವಾಗ ಇಂಧನ ತೊಟ್ಟಿಯಿಂದ ಕಳಚಿದ ಫೋಮ್ ತುಂಡೊಂದು ಅದರ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ, ಹಾನಿ ಎಷ್ಟಿರಬಹುದೆಂಬ ಅಂದಾಜನ್ನು ಎಂಜಿನಿಯರುಗಳು ಸ್ಲೈಡುಗಳಲ್ಲಿ ನಾಸಾ ಅಧಿಕಾರಿಗಳ ಮುಂದಿಟ್ಟರು. ಅದರಲ್ಲಿ ಒಂದು ಸ್ಲೈಡ್ ಆಮೇಲೆ ತನಿಖಾ ಮಂಡಳಿಯ ವರದಿಯಲ್ಲೂ ಚರ್ಚೆಗೆ ಬಂತು. ಅದನ್ನು ಬಿಡಿಸಿ ತೋರಿಸಿದವರು, ದತ್ತಾಂಶವನ್ನು ಚಿತ್ರಗಳಲ್ಲಿ ತೋರಿಸುವ ಬಗ್ಗೆ ಪುಸ್ತಕಗಳನ್ನು ಬರೆದ ಅಮೆರಿಕದ ಎಡ್ವರ್ಡ್ ಟಫ್ಟೆ. ಅದರ ಶೀರ್ಷಿಕೆಯಲ್ಲಿ ಕ್ರಿಯಾಪದವಿತ್ತು, ಪೂರ್ಣ ವಾಕ್ಯವೇ ಆಗಿತ್ತು. ಶಾಖ ತಡೆಯುವ ಹೆಂಚುಗಳಿಗೆ ಆಗುವ ಹಾನಿಯನ್ನು ಲೆಕ್ಕ ಹಾಕುವ ವಿಧಾನ ಸುರಕ್ಷತೆಯ ಕಡೆಗೇ ವಾಲಿದೆ ಎಂಬಂತೆ ಪರೀಕ್ಷೆಯ ದತ್ತಾಂಶ ಸೂಚಿಸುತ್ತದೆ ಎಂಬ ಅರ್ಥ ಅದರಿಂದ ಬರುತ್ತಿತ್ತು. ಓದಿದವರಿಗೆ ಸಮಾಧಾನವಾಗುವಂಥ ಮಾತು. ಆದರೆ ಅದೇ ಸ್ಲೈಡಿನ ತಳದಲ್ಲಿ, ಸಣ್ಣ ಅಕ್ಷರದ ಕೊನೆಯ ಅಂಶಗಳಲ್ಲಿ, ನಿಜವಾದ ಸುದ್ದಿ ಇತ್ತು: ಈ ಘಟನೆ ಪರೀಕ್ಷೆಗಳ ವ್ಯಾಪ್ತಿಯಿಂದ ತೀರಾ ಹೊರಗಿದೆ, ಬಡಿದ ತುಂಡಿನ ಗಾತ್ರ 1,920 ಘನ ಇಂಚು, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಇಂಚು. ಅಂದರೆ 640 ಪಟ್ಟು. ಫೆಬ್ರುವರಿ 1ರಂದು ಮರಳುವಾಗ ನೌಕೆ ಛಿದ್ರವಾಗಿ ಏಳೂ ಮಂದಿ ತೀರಿಕೊಂಡರು. ಆ ಸ್ಲೈಡೇ ಅದಕ್ಕೆ ಕಾರಣ ಎನ್ನುವುದು ಅತಿಯಾದೀತು. ಶೀರ್ಷಿಕೆಗೂ ಕೊನೆಯ ಸಾಲಿಗೂ ಇದ್ದ ದೂರವನ್ನು ಮಾತ್ರ ಗಮನಿಸಿ. ಅಂದಿನಿಂದ ನಾನು ಯಾವ ಸ್ಲೈಡನ್ನು ಪರಿಶೀಲಿಸಿದರೂ ಮೊದಲು ಶೀರ್ಷಿಕೆ ಓದಿ, ಕೂಡಲೇ ತಳದ ಸಾಲಿಗೆ ಹೋಗುತ್ತೇನೆ. ತಳದಲ್ಲಿರುವುದು ಶೀರ್ಷಿಕೆಯನ್ನು ಸುಳ್ಳು ಮಾಡುವಂತಿದ್ದರೆ ಅದೇ ಮೇಲಕ್ಕೆ ಬರಬೇಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಕಿರಿಕಿರಿ ಹೆಚ್ಚು. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ಶೀರ್ಷಿಕೆ ಮೂರನೇ ಸಾಲಿಗೆ ಜಾರಿದರೆ ಏರಿತೋ ಇಳಿಯಿತೋ ಎಂಬುದು ಅಲ್ಲಿಯವರೆಗೆ ತಿಳಿಯುವುದಿಲ್ಲ. ಅದಕ್ಕೆ ಹೆದರಿ ಪತ್ರಿಕೆಯ ತಲೆಬರಹದಂತೆ "ಕಾಯುವ ಸಮಯ ಏರಿಕೆ" ಎಂದು ಕತ್ತರಿಸುತ್ತಾರೆ. ಎಷ್ಟು, ಯಾವಾಗ, ಯಾಕೆ ಎಂಬುದೆಲ್ಲ ಅಲ್ಲಿಗೆ ಹಾರಿಹೋಗುತ್ತದೆ. ನಾನು ಕತ್ತರಿಸುವುದು ಮೊದಲ ಅರ್ಧವನ್ನು: "ಲಭ್ಯವಿರುವ ದತ್ತಾಂಶವನ್ನು ಕೂಲಂಕಷವಾಗಿ ಪರಿಶೀಲಿಸಿದಾಗ ಕಂಡುಬರುವಂತೆ" ಎಂಬಂಥ ಭಾಗಗಳನ್ನು ಯಾವ ಮುಲಾಜೂ ಇಲ್ಲದೆ ತೆಗೆಯಬಹುದು.

ಪರಿಶೀಲನೆಗೆ ಪವರ್‌ಪಾಯಿಂಟ್‌ನಲ್ಲೇ ದಾರಿಯಿದೆ. View ಮೆನುವಿನಲ್ಲಿ Outline View ತೆರೆದು ಎಲ್ಲವನ್ನೂ Collapse All ಮಾಡಿದರೆ ಶೀರ್ಷಿಕೆಗಳಷ್ಟೇ ಉಳಿಯುತ್ತವೆ. ಯಾವುದಾದರೂ ಸ್ಲೈಡಿನ ಎದುರು ಖಾಲಿ ಕಂಡರೆ, ಅದಕ್ಕೆ ಶೀರ್ಷಿಕೆಯೇ ಇಲ್ಲ, ಇಲ್ಲವೇ ಶೀರ್ಷಿಕೆಯನ್ನು ಅದರ ನಿಗದಿತ ಚೌಕದಲ್ಲಿ ಬರೆಯದೆ ಬೇರೆ ಪಠ್ಯ ಚೌಕ ಎಳೆದು ಬರೆದಿದ್ದಾರೆ ಎಂದರ್ಥ. ಆ ಪಟ್ಟಿಯನ್ನು ವಿಷಯ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು, ಓದಿದ ಮೇಲೆ "ನಾವು ಏನು ಕೇಳುತ್ತಿದ್ದೇವೆ, ಯಾಕೆ?" ಎಂದು ಕೇಳಿ.

ಪಾಠದ ಸ್ಲೈಡುಗಳಿಗೂ ಅನುಬಂಧದ ಕೋಷ್ಟಕಗಳಿಗೂ ಇದನ್ನು ಹೇರಬೇಡಿ. ಅಲ್ಲಿ ಓದುಗರು ಬೇಕಾದ್ದನ್ನು ಹುಡುಕಿಕೊಂಡು ಬರುತ್ತಾರೆ, ಅವರಿಗೆ "ಗಂಟೆವಾರು ಕಾಯುವ ಸಮಯ, ತಿಂಗಳುಗಳ ಪ್ರಕಾರ" ಎಂಬ ಹೆಸರೇ ಅನುಕೂಲ. ಇನ್ನು, ಮೇಲಧಿಕಾರಿಗಳು ಕೊನೆಯ ಗಳಿಗೆಯಲ್ಲಿ "ಸ್ವಲ್ಪ ಮೆದು ಮಾಡಿ" ಎಂದು ನಾಲ್ಕನೇ ಸಾಲನ್ನು ಮತ್ತೆ "ಸಿಬ್ಬಂದಿ ಹಂಚಿಕೆಯ ಅವಲೋಕನ" ಮಾಡಲು ಹೇಳುವುದುಂಟು, ಪಾಳಿ ಬದಲಿಸಿದವರು ಅದೇ ಸಭೆಯಲ್ಲಿ ಕುಳಿತಿರುತ್ತಾರಲ್ಲ. ಆಗ ನಾನು ಬದಲಿಸುವುದು ಧಾಟಿಯನ್ನು ಮಾತ್ರ. "ಪಾಳಿ ಬದಲಾದ ಮೇಲೆ" ಎಂಬುದನ್ನು ಬಿಟ್ಟು "ಈಗ ಬೆಳಿಗ್ಗೆ 9ರಿಂದ 11ರವರೆಗೆ 16 ಮಂದಿ ಇದ್ದಾರೆ, ಹಿಂದೆ 24 ಮಂದಿ ಇದ್ದರು" ಎಂದು ಬರೆದರೆ ಯಾರ ಮೇಲೂ ಬೊಟ್ಟು ಮಾಡಿದಂತಾಗುವುದಿಲ್ಲ, ಅಂಕಿಗಳೂ ಉಳಿಯುತ್ತವೆ, ಮುಂದಿನ ಸಾಲಿಗೆ ಕೊಂಡಿಯೂ ಕಳಚುವುದಿಲ್ಲ.