ಹತ್ತು ಸಾವಿರದ ಐನೂರು ಎಲ್ಲಿ ಹೋಯ್ತು ಅಂತ ಕೇಳಿದ್ರಲ್ಲ, ಉತ್ತರ ತಗೊಳ್ಳಿ

ನಮ್ಮ ಶಾಲೆಯಲ್ಲಿ ಯಾವ ತರಗತಿಯ ಒಂದು ಮಗುವಿಗೆ ವರ್ಷಕ್ಕೆ ಎಷ್ಟು ಖರ್ಚಾಗ್ತದೆ ಅಂತ ನಾನು ಮಾಡಿದ ಹಾಳೆ ನೋಡಿ ಒಬ್ಬರು ಮೊಬೈಲ್ ಎತ್ತಿ ಹಿಡಿದು ಇಡೀ ಸಭೆಗೆ ತೋರಿಸಿದ್ರು. "ಒಟ್ಟು ಖರ್ಚು 40 ಲಕ್ಷದ 20 ಸಾವಿರ, ಭಾಗಿಸು 240 ಮಕ್ಕಳು. 16,750. ಇವರ ಹಾಳೆಯಲ್ಲಿ ಎಂಟನೇತ್ತಿಗೆ 27,250! ಉಳಿದ ಹತ್ತೂವರೆ ಸಾವಿರ ಯಾರ ಕಿಸೆಗೆ?" ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ತಟ್ಟಿದ್ರು. ಚಪ್ಪಾಳೆ, ಮಾರಾಯ್ರೆ! ಅದೇ ಹಾಳೆಯಲ್ಲಿ ಮೂರನೇತ್ತಿಗೆ 12,500 ಅಂತ ಇತ್ತು. ಸರಾಸರಿಗಿಂತ ನಾಲ್ಕೂಕಾಲು ಸಾವಿರ ಕಡಿಮೆ. ಅದು ಯಾರ ಕಿಸೆಯಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ.

ಕಿಸೆ ಇಲ್ಲ ಸ್ವಾಮಿ, ಪಿರಿಯಡ್ ಇದೆ. ವಾರಕ್ಕೆ ಒಂದು ತರಗತಿಗೆ 40 ಪಿರಿಯಡ್. ಪ್ರೈಮರಿ ಅಕ್ಕೋರ ವರ್ಷದ ಸಂಬಳ 1,80,000, ಅವರು ವಾರಕ್ಕೆ ಪಾಠ ಮಾಡೋದು 30. ಅಂದರೆ ವಾರದ ಒಂದು ಪಿರಿಯಡ್‌ಗೆ ವರ್ಷಕ್ಕೆ 6,000 ಬೀಳ್ತದೆ. ಹೈಸ್ಕೂಲ್ ಮಾಸ್ತರಿಗೆ 2,40,000, ಅವರದ್ದೂ 30, ಹಾಗಾಗಿ 8,000. ಇಲ್ಲಿ 30ರಿಂದಲೇ ಭಾಗಿಸಬೇಕು, ಟೈಮ್‌ಟೇಬಲ್‌ನ 40ರಿಂದ ಅಲ್ಲ. 40ರಿಂದ ಭಾಗಿಸಿದರೆ ನೋಟ್ಸ್ ತಿದ್ದುವ ಹತ್ತು ಪಿರಿಯಡ್‌ನ ಸಂಬಳ ಯಾವ ತರಗತಿಯ ಲೆಕ್ಕಕ್ಕೂ ಸೇರೋದಿಲ್ಲ, ಹೈಸ್ಕೂಲಿನ ಒಬ್ಬ ಮಾಸ್ತರ ಮೇಲೇ 60,000 ತೇಲಾಡ್ತದೆ. ಎಲ್ಲ ತರಗತಿ ಕೂಡಿಸಿ ನೋಡಿದಾಗ ಮೊತ್ತ ಲೆಡ್ಜರ್‌ಗೆ ತಾಳೆಯಾಗದಿದ್ದರೆ ಮೊದಲು ಹುಡುಕಬೇಕಾದ್ದು ಇದನ್ನೇ.

ಈಗ ಮೂರನೇತ್ತಿಗೆ 2,40,000 ಆಯ್ತು, ಕೂತ ಮಕ್ಕಳು 32, ತಲೆಗೆ 7,500. ಎಂಟನೇತ್ತಿಗೆ 3,20,000, ಮಕ್ಕಳು 16, ತಲೆಗೆ 20,000. ಹತ್ತೂವರೆ ಸಾವಿರ ಹೋಗಿದ್ದು ಅಲ್ಲಿ, ಆ ಖಾಲಿ ಬೆಂಚುಗಳ ಮೇಲೆ. ಗಣಿತದ ಮಾಸ್ತರು 16 ಮಕ್ಕಳಿದ್ದಾರೆ ಅಂತ ಅರ್ಧ ಲೆಕ್ಕ ಹೇಳಿಕೊಟ್ಟು ಅರ್ಧ ಸಂಬಳ ತಗೊಳ್ತಾರಾ?

ಕಟ್ಟಡದ್ದೂ ಹಾಗೇ. ಮಳೆಗಾಲದ ಮೊದಲು ಹಂಚು ಬದಲಿಸೋದು, ಪಾಚಿಗಟ್ಟಿದ ಗೋಡೆಗೆ ಬಣ್ಣ, ಕರೆಂಟು, ಸವಕಳಿ ಎಲ್ಲ ಸೇರಿ 4,80,000. ಒಂದೇ ಅಳತೆಯ 12 ಕೋಣೆ, ಕೋಣೆಗೆ 40,000. ಮಕ್ಕಳ ತಲೆ ಎಣಿಸಿ ಹಂಚಬಾರದು, ಮಳೆ ಸೋರೋದು ಕೋಣೆಗೆ. ಹಾಗಾಗಿ ಮೂರನೇತ್ತಿಯ ಮಗುವಿಗೆ 1,250, ಎಂಟನೇತ್ತಿಯದಕ್ಕೆ 2,500. ಪ್ರಯೋಗಾಲಯ ವಾರಕ್ಕೆ 15 ಪಿರಿಯಡ್ ನಡೀತದೆ, ಅದರಲ್ಲಿ ಎಂಟನೇತ್ತಿಯದ್ದು ಮೂರು. ಕಂಪ್ಯೂಟರ್ ಕೋಣೆಯ 20ರಲ್ಲಿ ನಾಲ್ಕು. ಖರ್ಚನ್ನು ಪಿರಿಯಡ್ ಲೆಕ್ಕದಲ್ಲಿ ಹಂಚಿದರೆ ಎರಡರಿಂದಲೂ ತಲೆಗೆ ಐನೂರೈನೂರು. ಮೂರನೇತ್ತಿಯವರು ಅತ್ತ ಕಾಲೇ ಇಡೋದಿಲ್ಲ, ಅವರಿಗೆ ಸೊನ್ನೆ.

ಆಫೀಸು, ಹೆಡ್‌ಮಾಸ್ತರು, ಜವಾನ, ಆಡಿಟ್ ಮಾತ್ರ ಎಲ್ಲರಿಗೂ ಸಮ. 7,20,000 ಇದ್ದದ್ದು ತಲೆಗೆ 3,000. ಆಟೋಟ, ಗ್ಯಾದರಿಂಗ್ ಸೇರಿ ಇನ್ನೊಂದು 500.

ಇನ್ನೂ ಉರಿಯೋದು ಏನು ಗೊತ್ತಾ? ಎಂಟನೇತ್ತಿಗೆ ಅಂತಲೇ ಆಗುವ ಖರ್ಚು 3,76,000. ಸಿಟ್ಟು ಮಾಡಿಕೊಂಡು ಇಬ್ಬರು ಟಿ.ಸಿ. ಒಯ್ದರೆ ಅದರಲ್ಲಿ ಒಂದು ಪೈಸೆಯೂ ಕಡಿಮೆಯಾಗೋದಿಲ್ಲ. 14ರಿಂದ ಭಾಗಿಸಿ, ಎಲ್ಲರಿಗೂ ಸಮವಾದ ಆ 3,500 ಸೇರಿಸಿದರೆ ಉಳಿದವರ ತಲೆವೆಚ್ಚ 30 ಸಾವಿರ ದಾಟ್ತದೆ. ಅದೇ ಕೋಣೆಗೆ 32 ಮಕ್ಕಳು ಬಂದರೆ 15,250ಕ್ಕೆ ಇಳೀತದೆ. ಚಪ್ಪಾಳೆ ತಟ್ಟಿದವರು ಇನ್ನೂ 16 ಮಕ್ಕಳನ್ನು ಕರ್ಕೊಂಡು ಬನ್ನಿ ನೋಡೋಣ.

ಹೋಗ್ಲಿ ಬಿಡಿ. ಅವರೇನು ಹೊಸ ತಪ್ಪು ಮಾಡಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 12(2)ರಲ್ಲಿ ಖಾಸಗಿ ಶಾಲೆಗೆ ಸರ್ಕಾರ ಮರುಪಾವತಿ ಮಾಡೋದೂ ಸರ್ಕಾರದ ತಲೆವೆಚ್ಚ ಅಥವಾ ಶಾಲೆಯ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು. ಆ ತಲೆವೆಚ್ಚವೂ ಒಟ್ಟು ಖರ್ಚನ್ನು ಒಟ್ಟು ಮಕ್ಕಳಿಂದ ಭಾಗಿಸಿದ್ದೇ. ಇನ್ನು ಶುಲ್ಕ ಹಾಕುವಾಗ ನಾನೇ ಸರಾಸರಿಯ ಸುತ್ತಮುತ್ತ ಇಡಿ ಅಂತೇನೆ. ಎಂಟನೇತ್ತಿಗೆ 27 ಸಾವಿರ ಕೇಳಿದರೆ ಆ 16 ಮಕ್ಕಳೂ ಇರೋದಿಲ್ಲ. ಹಾಗಾದರೆ ಈ ಹಾಳೆ ಯಾಕೆ ಮಾಡಿದ್ದು? ಯಾವ ತರಗತಿ ಯಾವುದನ್ನು ಸಾಕ್ತಾ ಇದೆ ಅಂತ ತಿಳೀಲಿ ಅಂತ. ತಿಳಿದು ಏನು ಮಾಡ್ತೀರಿ ಅಂತ ಯಾರಾದ್ರೂ ಹೇಳಿ, ಯಾರಾದ್ರೂ.

ಇನ್ನೊಂದು. ಮೇಲಿನದ್ದನ್ನು ಕೂಡಿಸಿದವರಿಗೆ 27,000 ಬಂದಿರಬೇಕು, ಹಾಳೆಯಲ್ಲಿ 27,250 ಇತ್ತು. ಯಕ್ಷಗಾನ ತರಗತಿಯ 60,000, ಗುರುಗಳ ಸಂಭಾವನೆ ಮತ್ತು ವೇಷಭೂಷಣದ ಬಾಡಿಗೆ, ಅದನ್ನು ನಾನು ಎಲ್ಲ 240 ಮಕ್ಕಳ ಮೇಲೂ 250ರಂತೆ ಹಂಚಿಬಿಟ್ಟಿದ್ದೆ. ಕುಣಿಯೋದು 24 ಮಕ್ಕಳು. ಅವರ ಲೆಕ್ಕಕ್ಕೆ ಮಾತ್ರ 2,500 ಬರಬೇಕಿತ್ತು. ಹಾಳೆಯಲ್ಲಿದ್ದ ನಿಜವಾದ ತಪ್ಪು ಅದೊಂದೇ, ಮೊಬೈಲ್ ಎತ್ತಿ ಹಿಡಿದವರಿಗೆ ಅದು ಕಾಣಲೇ ಇಲ್ಲ.