ಚಾಸಿ ಇರುವ ಗಾಡಿಯೇ ಗಟ್ಟಿ ಎಂದು ತೀರ್ಮಾನಿಸುವ ಮುನ್ನ

ಎಸ್‌ಯುವಿ ಕೊಳ್ಳಲು ಹೊರಟವರಿಗೆ ನಮ್ಮಲ್ಲಿ ಮೊದಲು ಸಿಗುವ ಸಲಹೆ ಒಂದೇ: ಕೆಳಗೆ ಚಾಸಿ ಇರುವ ಗಾಡಿಯನ್ನೇ ತೆಗೆದುಕೊಳ್ಳಿ, ಅದೇ ಗಟ್ಟಿ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯದೆ ಲಕ್ಷಗಟ್ಟಲೆ ಹಣ ಹಾಕುವವರನ್ನು ಕಂಡು ಬೇಸರವಾಗುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಭಾರ ಎಳೆಯುವ, ತೋಟದ ಹಳ್ಳದಿಣ್ಣೆಯಲ್ಲಿ ದಿನವೂ ಓಡುವ ಕೆಲಸವಿದ್ದರೆ ಈ ಚಾಸಿ, ಅಂದರೆ ಲ್ಯಾಡರ್ ಫ್ರೇಮ್, ತನ್ನ ಬೆಲೆಗೆ ನ್ಯಾಯ ಒದಗಿಸುತ್ತದೆ. ಆ ಕೆಲಸವಿಲ್ಲದ ಕುಟುಂಬಕ್ಕೆ, ಚಾಸಿಯ ಬದಲು ಬಾಡಿಯೇ ಭಾರ ಹೊರುವ ಮೊನೊಕಾಕ್ ಉತ್ತಮ, ಆದರೆ ಅಪಘಾತದ ನಂತರ ಅದನ್ನು ಎಲ್ಲಿ ರಿಪೇರಿ ಮಾಡಿಸುತ್ತೀರಿ ಎಂಬ ಪ್ರಶ್ನೆಗೆ ಮೊದಲೇ ಉತ್ತರವಿರಬೇಕು.

ಹೋಲಿಕೆಗೆ ಮಹೀಂದ್ರಾದ ಎರಡು ಗಾಡಿಗಳು ಬಹಳ ಅನುಕೂಲಕರವಾಗಿವೆ. 2021ರಲ್ಲಿ ಬಂದ ಎಕ್ಸ್‌ಯುವಿ700 ಮೊನೊಕಾಕ್. 2022ರಲ್ಲಿ ಬಂದ ಸ್ಕಾರ್ಪಿಯೋ-ಎನ್ ಲ್ಯಾಡರ್ ಫ್ರೇಮ್. ಎರಡರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೂ 2,750 ಮಿಲಿಮೀಟರ್, ಎರಡರಲ್ಲೂ ಒಂದೇ ಕುಟುಂಬಕ್ಕೆ ಸೇರಿದ 2.2 ಲೀಟರ್ ಡೀಸೆಲ್ ಎಂಜಿನ್ ಇದೆ. ಹಾಗಾಗಿ ಇವುಗಳ ನಡುವೆ ಕಾಣುವ ವ್ಯತ್ಯಾಸದ ದೊಡ್ಡ ಪಾಲು ಗಾಡಿಯನ್ನು ಕಟ್ಟಿದ ರೀತಿಯದ್ದೇ ಆಗಿರುತ್ತದೆ.

ಸ್ಕಾರ್ಪಿಯೋ-ಎನ್‌ನಲ್ಲಿ ಉದ್ದಕ್ಕೂ ಎರಡು ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು, ಹೀಗೆ ಏಣಿಯಂತೆ ಕಾಣುವ ಚೌಕಟ್ಟು ಇದೆ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲವೂ ಅದಕ್ಕೆ ಬಿಗಿದಿರುತ್ತವೆ. ಜನ ಕೂರುವ ಬಾಡಿಯನ್ನು ಪ್ರತ್ಯೇಕವಾಗಿ ಕಟ್ಟಿ, ರಬ್ಬರ್ ಮೌಂಟ್‌ಗಳ ಮೇಲೆ ಕೂರಿಸಿ ಬೋಲ್ಟ್ ಹಾಕುತ್ತಾರೆ. ಎಕ್ಸ್‌ಯುವಿ700ರಲ್ಲಿ ಆ ಪ್ರತ್ಯೇಕ ಚೌಕಟ್ಟು ಇಲ್ಲ. ನೆಲ, ಕಂಬಗಳು, ಛಾವಣಿ ಮತ್ತು ಎಂಜಿನ್ ಕೋಣೆಯ ಪಕ್ಕದ ಗೋಡೆಗಳನ್ನು ಸಾವಿರಾರು ಸ್ಪಾಟ್ ವೆಲ್ಡ್‌ಗಳಿಂದ ಬೆಸೆದು, ಆ ಇಡೀ ಪೆಟ್ಟಿಗೆಯೇ ಭಾರ ಹೊರುವಂತೆ ಮಾಡಿರುತ್ತಾರೆ.

ಸವಾರಿಯ ಗುಣ ಇಲ್ಲಿಂದಲೇ ಹುಟ್ಟುತ್ತದೆ. ಸ್ಕಾರ್ಪಿಯೋ-ಎನ್‌ನ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಎಡ ಚಕ್ರ ಗುಂಡಿಗೆ ಇಳಿದರೆ ಆ ಅಲುಗಾಟ ಬಲ ಚಕ್ರಕ್ಕೂ ತಲುಪುತ್ತದೆ. ಆಕ್ಸಲ್ಲಿನ ತೂಕ ಸ್ಪ್ರಿಂಗಿನ ಕೆಳಗೇ ಇರುವುದರಿಂದ ಅದು ಮೇಲೆದ್ದು ಕೆಳಗೆ ಬೀಳುವ ರಭಸವನ್ನು ತಡೆಯುವುದೂ ಕಷ್ಟ. ಕಾಯಿಲ್ ಸ್ಪ್ರಿಂಗ್ ಮತ್ತು ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ವ್ಯಾಟ್ಸ್ ಲಿಂಕೇಜ್ ಅಳವಡಿಸಿ ಕಂಪನಿ ಇದನ್ನು ಹಳೆಯ ಸ್ಕಾರ್ಪಿಯೋಗಿಂತ ಬಹಳ ಸುಧಾರಿಸಿದೆ ಎಂಬುದನ್ನು ಒಪ್ಪಲೇಬೇಕು. ಆದರೂ ಸಣ್ಣ ಸಣ್ಣ ಗುಂಡಿಗಳ ಮೇಲೆ ನಿಧಾನವಾಗಿ ಹೋಗುವಾಗ, ಚೌಕಟ್ಟು ಒಮ್ಮೆ ಅಲುಗಿ, ರಬ್ಬರ್ ಮೌಂಟ್‌ಗಳ ಮೇಲಿನ ಬಾಡಿ ಅದರ ಬೆನ್ನಿಗೇ ಮತ್ತೊಮ್ಮೆ ನಡುಗುವುದು ಗೊತ್ತಾಗುತ್ತದೆ. ಎಕ್ಸ್‌ಯುವಿ700ರಲ್ಲಿ ಹಿಂದಿನ ಚಕ್ರಗಳು ಸ್ವತಂತ್ರ; ಶಿರಾಡಿ ಘಾಟಿಯ ತಿರುವುಗಳಲ್ಲಿ ಬಾಡಿ ವಾಲುವುದೂ ಕಡಿಮೆ. ಇನ್ನೊಂದು ವಿಷಯವನ್ನು ಖರೀದಿದಾರರು ಶೋರೂಮಿನಲ್ಲಿಯೇ ಪರೀಕ್ಷಿಸಬಹುದು. ಚೌಕಟ್ಟಿನ ಮೇಲೆ ನೆಲ ಬರುವುದರಿಂದ ಲ್ಯಾಡರ್ ಫ್ರೇಮ್ ಗಾಡಿಗೆ ಎತ್ತರಕ್ಕೆ ಹತ್ತಬೇಕು. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಅವರನ್ನು ಜೊತೆಗೆ ಕರೆದೊಯ್ದು, ಎರಡೂ ಗಾಡಿಗಳಿಗೆ ಹತ್ತಿಸಿ ಇಳಿಸಿ ನೋಡಿ.

ಗಟ್ಟಿತನದ ಮಾತಿಗೆ ಬಂದರೆ, ಅಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಒಂದು ಮಾಡಿಬಿಟ್ಟಿದ್ದೇವೆ. ಭಾರ ಹೇರಿಕೊಂಡು, ಒಂದು ಚಕ್ರ ಗುಂಡಿಯಲ್ಲಿ ಇನ್ನೊಂದು ದಿಣ್ಣೆಯ ಮೇಲೆ ಎಂಬಂತೆ ವರ್ಷಗಟ್ಟಲೆ ಓಡುವ ತಾಳಿಕೆ ಒಂದು. ಡಿಕ್ಕಿಯಾದಾಗ ಒಳಗಿನವರನ್ನು ಕಾಪಾಡುವ ಶಕ್ತಿ ಮತ್ತೊಂದು. ಮೊದಲನೆಯದರಲ್ಲಿ ಲ್ಯಾಡರ್ ಫ್ರೇಮ್ ಮುಂದಿದೆ, ಏಕೆಂದರೆ ಸೆಳೆತವೆಲ್ಲ ದಪ್ಪ ಉಕ್ಕಿನ ಮೇಲೆ ಬೀಳುತ್ತದೆ. ಚೌಕಟ್ಟು ಸ್ವಲ್ಪ ತಿರುಚಿಕೊಂಡರೂ ರಬ್ಬರ್ ಮೌಂಟ್‌ಗಳು ಅದರ ಬಹುಪಾಲನ್ನು ಬಾಡಿಯವರೆಗೆ ದಾಟಗೊಡುವುದಿಲ್ಲ. ಎರಡನೆಯದರಲ್ಲಿ ಚೌಕಟ್ಟು ಇದೆಯೋ ಇಲ್ಲವೋ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಡಿಕ್ಕಿಯಲ್ಲಿ ಮುಂಭಾಗ ಕ್ರಮಬದ್ಧವಾಗಿ ಕುಸಿದು ರಭಸವನ್ನು ನುಂಗಬೇಕು, ಜನ ಕೂರುವ ಭಾಗ ಕುಸಿಯದೆ ನಿಲ್ಲಬೇಕು. ಇದು ವಿನ್ಯಾಸದ ಕೆಲಸ. ಗಾಡಿಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆಗೆ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಎಕ್ಸ್‌ಯುವಿ700 ಮತ್ತು ಸ್ಕಾರ್ಪಿಯೋ-ಎನ್ ಎರಡಕ್ಕೂ ಐದು ನಕ್ಷತ್ರ ಸಿಕ್ಕಿತು. ಲ್ಯಾಡರ್ ಫ್ರೇಮನ್ನೇ ಹೊಂದಿರುವ ಬೊಲೆರೋ ನಿಯೋಗೆ 2024ರಲ್ಲಿ ಸಿಕ್ಕಿದ್ದು ಒಂದೇ ನಕ್ಷತ್ರ, ಅದರ ಬಾಡಿಯ ರಚನೆ ಅಸ್ಥಿರ ಎಂದು ವರದಿಯಾಯಿತು. ಅದಕ್ಕಿಂತ ಆರು ವರ್ಷ ಮೊದಲೇ ಟಾಟಾದ ಚಿಕ್ಕ ಮೊನೊಕಾಕ್ ಗಾಡಿ ನೆಕ್ಸಾನ್ ಐದು ನಕ್ಷತ್ರ ಪಡೆದಿತ್ತು. ಮಕ್ಕಳ ಸುರಕ್ಷತೆಗಾಗಿ ಚಾಸಿ ಗಾಡಿ ಬೇಕು ಎನ್ನುವವರು ಈ ಫಲಿತಾಂಶಗಳನ್ನು ದಯವಿಟ್ಟು ಒಮ್ಮೆ ನೋಡಬೇಕು.

ಎಳೆಯುವ ವಿಷಯದಲ್ಲಿ ಲ್ಯಾಡರ್ ಫ್ರೇಮಿಗೆ ನಿಜವಾದ ಅನುಕೂಲವಿದೆ, ಆದರೆ ಅದರ ಕಾರಣ ಬಹಳ ಮಂದಿ ಭಾವಿಸಿದಂತೆ ಉಕ್ಕಿನ ದಪ್ಪವೊಂದೇ ಅಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಟ್ರೇಲರ್ ಮತ್ತು ಅದರ ಸರಕು ಸೇರಿ 1,500 ಕೆಜಿ ಇದೆ ಎಂದುಕೊಳ್ಳಿ. ಟ್ರೇಲರ್ ಓಲಾಡದೆ ನೇರವಾಗಿ ಬರಬೇಕಾದರೆ ಅದರ ತೂಕದ ಸುಮಾರು ಹತ್ತನೆಯ ಒಂದು ಭಾಗ, ಅಂದರೆ 150 ಕೆಜಿ, ಗಾಡಿಯ ಕೊಕ್ಕೆಯ ಮೇಲೆ ಕೂರಬೇಕೆಂಬುದು ರೂಢಿಯಲ್ಲಿರುವ ಲೆಕ್ಕ. ಕೊಕ್ಕೆ ಹಿಂದಿನ ಆಕ್ಸಲ್ಲಿಗಿಂತ 1.1 ಮೀಟರ್ ಹಿಂದೆ ಇದ್ದರೆ, 150ನ್ನು 1.1ರಿಂದ ಗುಣಿಸಿ 2.75ರಿಂದ ಭಾಗಿಸಿದಾಗ 60 ಬರುತ್ತದೆ. ಅಂದರೆ ಮುಂದಿನ ಚಕ್ರಗಳ ಮೇಲಿನ ಭಾರ 60 ಕೆಜಿ ಕಡಿಮೆಯಾಗುತ್ತದೆ, ಹಿಂದಿನ ಚಕ್ರಗಳ ಮೇಲೆ 210 ಕೆಜಿ ಹೆಚ್ಚಾಗುತ್ತದೆ. ಎರಡೂ ಗಾಡಿಗಳ ಚಕ್ರಗಳ ಅಂತರ ಒಂದೇ ಆದ್ದರಿಂದ ಈ ಲೆಕ್ಕ ಎರಡಕ್ಕೂ ಅನ್ವಯಿಸುತ್ತದೆ. ಆದರೆ ಪರಿಣಾಮ ಒಂದೇ ಅಲ್ಲ. ಸ್ಕಾರ್ಪಿಯೋ-ಎನ್‌ನಲ್ಲಿ ಹಿಂದಿನ ಚಕ್ರಗಳೇ ತಳ್ಳುವುದರಿಂದ ಹೆಚ್ಚಿದ ಭಾರ ಹಿಡಿತವನ್ನು ಹೆಚ್ಚಿಸುತ್ತದೆ. ಮುಂದಿನ ಚಕ್ರಗಳು ಎಳೆಯುವ ಎಕ್ಸ್‌ಯುವಿ700ರಲ್ಲಿ, ಹಿಡಿತ ಬೇಕಾದ ಕಡೆಯಲ್ಲೇ ಭಾರ ಕಡಿಮೆಯಾಗುತ್ತದೆ. ಏರಿನಲ್ಲಿ ಮಳೆಯೂ ಸೇರಿದರೆ ಚಕ್ರ ಜಾರುತ್ತದೆ. ಅದರ ನಾಲ್ಕು ಚಕ್ರ ಚಾಲನೆಯ ಮಾದರಿ ಈ ತೊಂದರೆಯನ್ನು ತಗ್ಗಿಸುತ್ತದಾದರೂ ಅದರಲ್ಲಿ ನಿಧಾನದ ವೇಗದಲ್ಲಿ ಹೆಚ್ಚು ಎಳೆತ ಕೊಡುವ ಲೋ ರೇಂಜ್ ಗೇರ್ ಇಲ್ಲ. ಸ್ಕಾರ್ಪಿಯೋ-ಎನ್‌ನ ಫೋರ್ ಬೈ ಫೋರ್‌ನಲ್ಲಿ ಇದೆ. ಕಡಿದಾದ ತೋಟದ ದಾರಿಯಲ್ಲಿ ಭಾರ ಹೊತ್ತು ನಿಂತಲ್ಲಿಂದ ಹೊರಡುವಾಗ ಕ್ಲಚ್ ಸುಡದಂತೆ ಕಾಯುವುದು ಅದೇ.

ಮೊನೊಕಾಕ್ ಎಂದರೆ ಎಳೆಯಲಾರದು ಎಂಬುದೂ ಸರಿಯಲ್ಲ. ಹಿಂದೆ ಲ್ಯಾಡರ್ ಫ್ರೇಮ್ ಮೇಲೆ ಬರುತ್ತಿದ್ದ ಲ್ಯಾಂಡ್ ರೋವರ್ ಡಿಫೆಂಡರ್ 2019ರಿಂದ ಅಲ್ಯುಮಿನಿಯಂ ಮೊನೊಕಾಕ್ ಆಗಿದೆ, ಅದಕ್ಕೆ ಕಂಪನಿ ಕೊಟ್ಟಿರುವ ಎಳೆಯುವ ಮಿತಿ 3,500 ಕೆಜಿವರೆಗೆ ಇದೆ. ಆದರೆ ಅದನ್ನು ಆ ಕೆಲಸಕ್ಕೆಂದೇ ವಿನ್ಯಾಸ ಮಾಡಿ, ಕೊಕ್ಕೆ ಕೂರುವ ಜಾಗವನ್ನು ಮೊದಲೇ ಬಲಪಡಿಸಿದ್ದಾರೆ. ನಮ್ಮ ಪೇಟೆಯಲ್ಲಿ ಅಂಗಡಿಯವರು ಸಾಧಾರಣ ಮೊನೊಕಾಕ್‌ನ ಹಿಂದಿನ ನೆಲದ ತಗಡಿಗೆ ರಂಧ್ರ ಕೊರೆದು ಕೊಕ್ಕೆ ಹಾಕಿಕೊಟ್ಟರೆ ಅದು ಬೇರೆಯೇ ಸಂಗತಿ; ಅಲ್ಲಿ ಮೊದಲು ಬಿರುಕು ಬಿಡುವುದು ಬೋಲ್ಟ್ ಸುತ್ತಲಿನ ತಗಡು ಮತ್ತು ಪಕ್ಕದ ಸ್ಪಾಟ್ ವೆಲ್ಡ್. ಮಾಲೀಕರ ಕೈಪಿಡಿಯಲ್ಲಿ ಎಳೆಯುವ ಮಿತಿ ಬರೆದಿಲ್ಲವಾದರೆ, ಆ ಗಾಡಿಯಲ್ಲಿ ಟ್ರೇಲರ್ ಎಳೆಯಬಾರದು ಎಂದೇ ನಾನು ಹೇಳುತ್ತೇನೆ.

ಇನ್ನು ರಿಪೇರಿ. ಖರೀದಿಯ ಹೊತ್ತಿನಲ್ಲಿ ಯಾರೂ ಯೋಚಿಸದ, ಆದರೆ ಮುಂದೆ ಹೆಚ್ಚು ಖರ್ಚು ತರುವ ವಿಷಯ ಇದು. ಒಂದೇ ಅಪಘಾತವನ್ನು ಎರಡೂ ಗಾಡಿಗಳಿಗೆ ಕಲ್ಪಿಸಿಕೊಳ್ಳೋಣ: ಮುಂದಿನ ಎಡ ಮೂಲೆ ಮೋರಿಯ ಕಟ್ಟೆಗೆ ಜೋರಾಗಿ ಬಡಿದಿದೆ.

ಎಕ್ಸ್‌ಯುವಿ700ರಲ್ಲಿ ಬಂಪರ್ ಮತ್ತು ಅದರ ಹಿಂದಿನ ತೊಲೆ ಕುಸಿದ ಮೇಲೆ ಪೆಟ್ಟು ಎಂಜಿನ್ ಕೋಣೆಯ ಪಕ್ಕದ ಗೋಡೆಗೆ, ಅಂದರೆ ಗ್ಯಾರೇಜಿನವರು ಏಪ್ರನ್ ಎನ್ನುವ ಭಾಗಕ್ಕೆ, ತಲುಪುತ್ತದೆ. ಮುಂದಿನ ಸಸ್ಪೆನ್ಷನ್ನಿನ ಕಂಬದಂತಿರುವ ಸ್ಟ್ರಟ್‌ನ ಮೇಲ್ತುದಿ ಬಿಗಿದಿರುವುದು ಅಲ್ಲೇ. ಏಪ್ರನ್ ಕೆಲವೇ ಮಿಲಿಮೀಟರ್ ಸರಿದರೂ ಚಕ್ರದ ಕೋನ ಬದಲಾಗುತ್ತದೆ, ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಗಾಡಿ ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ. ಇದನ್ನು ಸರಿಪಡಿಸಲು ಗಾಡಿಯನ್ನು ಬಾಡಿ ನೇರ ಮಾಡುವ ಬೆಂಚಿನ ಮೇಲೆ ಬಿಗಿದು, ಕಂಪನಿಯ ನಕ್ಷೆಯಲ್ಲಿರುವ ಅಳತೆಯ ಬಿಂದುಗಳಿಗೆ ಹೋಲಿಸುತ್ತಾ ನಿಧಾನವಾಗಿ ಎಳೆಯಬೇಕು. ಇಂದಿನ ಮೊನೊಕಾಕ್‌ಗಳ ಕಂಬಗಳಲ್ಲಿ ಕಾಯಿಸಿ ಅಚ್ಚೊತ್ತಿದ ಅತಿಗಟ್ಟಿ ಉಕ್ಕು ಇರುತ್ತದೆ. ಗ್ಯಾಸ್ ಜ್ವಾಲೆಯಿಂದ ಕೆಂಪಗೆ ಕಾಯಿಸಿ ಬಡಿದು ನೇರ ಮಾಡಿದರೆ ಅದರ ಗಟ್ಟಿತನ ಹೊರಟುಹೋಗುತ್ತದೆ. ಹೊರಗಿನಿಂದ ಬಣ್ಣ ಹೊಳೆಯುತ್ತದೆ, ಮುಂದಿನ ಡಿಕ್ಕಿಯಲ್ಲಿ ಆ ಕಂಬ ನಿಲ್ಲುವುದಿಲ್ಲ. ಊರಿನ ಟಿಂಕರಿಂಗ್ ಕೆಲಸಗಾರರ ಕೈಚಳಕದ ಬಗ್ಗೆ ನನಗೆ ತುಂಬ ಗೌರವವಿದೆ, ಆದರೆ ಬೆಂಚು ಮತ್ತು ಅಳತೆಯ ನಕ್ಷೆ ಇಲ್ಲದೆ ಈ ಕೆಲಸ ಯಾರಿಗೂ ಸಾಧ್ಯವಿಲ್ಲ.

ಸ್ಕಾರ್ಪಿಯೋ-ಎನ್‌ನಲ್ಲಿ ಅದೇ ಪೆಟ್ಟು ಚೌಕಟ್ಟಿನ ಎಡ ತೊಲೆಯ ತುದಿಗೆ ತಾಗುತ್ತದೆ. ಮುಂದಿನ ಸಸ್ಪೆನ್ಷನ್ ಕೂಡ ಚೌಕಟ್ಟಿಗೇ ಬಿಗಿದಿರುವುದರಿಂದ, ತೊಲೆ ನೇರವಾಗಿ ಉಳಿದಿದ್ದರೆ ಫೆಂಡರ್, ಬಾನೆಟ್ ಬದಲಿಸಿ ಕೆಲಸ ಮುಗಿಸಬಹುದು. ಸಣ್ಣಪುಟ್ಟ ಅಪಘಾತಗಳಲ್ಲಿ ಲ್ಯಾಡರ್ ಫ್ರೇಮ್ ಅಗ್ಗ ಎನ್ನುವುದು ಈ ಅರ್ಥದಲ್ಲಿ ನಿಜ. ಆದರೆ ಎಡ ತೊಲೆ ಹಿಂದಕ್ಕೆ ಸರಿದಿದ್ದರೆ ಆಯತಾಕಾರದ ಚೌಕಟ್ಟು ಓರೆಯಾಗುತ್ತದೆ, ಮತ್ತು ಅದು ಕಣ್ಣಿಗೆ ಕಾಣುವುದಿಲ್ಲ. ಕೆಳಗಿನಿಂದ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದಾಗ ವ್ಯತ್ಯಾಸ ಬಂದರೆ ಮಾತ್ರ ಗೊತ್ತಾಗುತ್ತದೆ. ಚೌಕಟ್ಟನ್ನೇ ಬದಲಿಸಬೇಕಾಗಿ ಬಂದರೆ ಇಡೀ ಬಾಡಿಯನ್ನು ಮೇಲೆತ್ತಬೇಕು. ಚಾಸಿಸ್ ಸಂಖ್ಯೆ ಕೊರೆದಿರುವುದು ಹಳೆಯ ಚೌಕಟ್ಟಿನ ಮೇಲಾದ್ದರಿಂದ ಆರ್‌ಟಿಒ ಕಚೇರಿಯ ಕಾಗದಪತ್ರದ ಕೆಲಸವೂ ಸೇರಿಕೊಳ್ಳುತ್ತದೆ. ಎರಡರಲ್ಲಿ ಯಾವ ಗಾಡಿಯೇ ಆಗಲಿ, ರಿಪೇರಿಯ ವೆಚ್ಚ ವಿಮೆಯಲ್ಲಿ ಗಾಡಿಗೆ ನಮೂದಿಸಿದ ಮೌಲ್ಯದ, ಅಂದರೆ ಐಡಿವಿಯ, ಶೇಕಡಾ 75ನ್ನು ಮೀರಿದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತದೆ. ಐಡಿವಿ ವರ್ಷವರ್ಷವೂ ಇಳಿಯುವುದರಿಂದ, ಹಳೆಯ ಗಾಡಿಗೆ ಈ ಮಿತಿ ಬೇಗ ಬರುತ್ತದೆ.

ತುಕ್ಕಿನ ಬಗ್ಗೆ ಕರಾವಳಿಯವರಿಗೆ ಪ್ರತ್ಯೇಕವಾಗಿ ಹೇಳಬೇಕು. ಲ್ಯಾಡರ್ ಫ್ರೇಮಿನ ತೊಲೆಗಳು ಒಳಗೆ ಪೊಳ್ಳು. ನೀರು ಹೊರಹೋಗಲು ಬಿಟ್ಟಿರುವ ರಂಧ್ರಗಳು ಕೆಸರಿನಿಂದ ಮುಚ್ಚಿಕೊಂಡರೆ ತೇವ ಒಳಗೇ ಉಳಿದು, ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಬಳಿಯುವ ಕಪ್ಪು ಕೋಟಿಂಗ್ ಅಲ್ಲಿಗೆ ತಲುಪುವುದೇ ಇಲ್ಲ. ಮಳೆಗಾಲ ಮುಗಿದ ಕೂಡಲೇ ಆ ರಂಧ್ರಗಳನ್ನು ಬಿಡಿಸಿ, ಒಳಗೆ ನೀರು ಹಾಯಿಸಿ, ಒಣಗಿದ ಮೇಲೆ ಮೇಣದಂತಹ ಸ್ಪ್ರೇ ಹೊಡೆಸಬೇಕು.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವವರು ಬಣ್ಣವನ್ನು ಬಿಟ್ಟು ಕೆಳಗೆ ಮತ್ತು ಒಳಗೆ ನೋಡಬೇಕು. ಮೊನೊಕಾಕ್ ಆದರೆ ಬಾನೆಟ್ ತೆರೆದು ಎರಡೂ ಕಡೆಯ ಏಪ್ರನ್‌ಗಳನ್ನು ಹೋಲಿಸಿ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಕಂಬದ ಅಂಚಿನಲ್ಲಿ ಸ್ಪಾಟ್ ವೆಲ್ಡ್‌ನ ದುಂಡು ಗುರುತುಗಳು ಸಮಾನ ಅಂತರದಲ್ಲಿವೆಯೇ ನೋಡಿ. ಹಿಂದೆ ಲಗೇಜ್ ಇಡುವ ಜಾಗದ ಕಾರ್ಪೆಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಸುಕ್ಕು ಇದೆಯೇ ಪರೀಕ್ಷಿಸಿ. ಲ್ಯಾಡರ್ ಫ್ರೇಮ್ ಆದರೆ ಲಿಫ್ಟ್ ಮೇಲೆ ಏರಿಸಿ, ಕರ್ಣಗಳನ್ನು ಟೇಪಿನಿಂದ ಅಳೆಯಿಸಿ, ಬಾಡಿ ಮೌಂಟ್‌ಗಳ ರಬ್ಬರ್ ಬಿರಿದಿದೆಯೇ, ಬೋಲ್ಟ್‌ಗಳನ್ನು ಯಾರಾದರೂ ಬಿಚ್ಚಿದ ಗುರುತಿದೆಯೇ ನೋಡಿ. ತೊಲೆಯ ಉದ್ದಕ್ಕೂ, ಅದರಲ್ಲೂ ಹಿಂದಿನ ಆಕ್ಸಲ್ಲಿನ ಮೇಲಿನ ಬಾಗಿದ ಭಾಗದಲ್ಲಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಟಣ್ ಎನ್ನುವ ಬದಲು ಮಂದವಾದ ಸದ್ದು ಬಂದು ತುಕ್ಕಿನ ಪದರ ಉದುರಿದರೆ, ಮಾರುವವರು ಎಷ್ಟೇ ಬೆಲೆ ಇಳಿಸಿದರೂ ಆ ಗಾಡಿ ಬೇಡ.